ಪ್ರಶ್ನಾವಳಿ ಪರಿಶೀಲಿಸಲು ತಜ್ಞರಿಗೆ ಪತ್ರ ಬರೆಯುವಾಗ ಸಹಿ ಕೇಳಬೇಡಿ, ಅಂಕ ಕೇಳಿ

ಮೊದಲ ಸಲ ಪ್ರಶ್ನಾವಳಿ ತಯಾರಿಸಿದಾಗ ನಾನು ಏಳು ಜನ ತಜ್ಞರಿಗೆ ಪತ್ರ ಕಳಿಸಿದ್ದೆ. ಪತ್ರದಲ್ಲಿ ನಾಲ್ಕೇ ಸಾಲು. 'ನನ್ನ ಪ್ರಶ್ನಾವಳಿಯನ್ನು ದಯವಿಟ್ಟು ಪರಿಶೀಲಿಸಿ ದೃಢೀಕರಿಸಿ ಕೊಡಬೇಕಾಗಿ ವಿನಂತಿ' ಅಂತ ಬರೆದು, ಜೊತೆಗೆ ನಾನೇ ಟೈಪ್ ಮಾಡಿದ ಒಂದು ಪ್ರಮಾಣಪತ್ರ ಇಟ್ಟಿದ್ದೆ. ಕೆಳಗೆ ಸಹಿ ಮಾಡಿ ಸೀಲ್ ಹಾಕಿದರೆ ಮುಗಿಯಿತು. ಹತ್ತು ದಿನದಲ್ಲಿ ಏಳೂ ಸಹಿ ಬಂದವು. ಪ್ರಶ್ನಾವಳಿಯ ಹಾಳೆಗಳ ಮೇಲೆ ಒಂದು ಪೆನ್ಸಿಲ್ ಗೆರೆಯೂ ಇರಲಿಲ್ಲ. ಆಗ ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡೆ.

ಆಮೇಲೆ ಅದೇ ಪ್ರಶ್ನೆಗಳನ್ನು ಹಿಡಿದು ಜನರ ಹತ್ತಿರ ಹೋದಾಗ, ಮೂರರಲ್ಲಿ ಒಂದು ಪ್ರಶ್ನೆ ನಾನು ಅಳೆಯಬೇಕಾದ ವಿಷಯಕ್ಕೆ ಸೇರಿದ್ದೇ ಅಲ್ಲ ಅಂತ ಗೊತ್ತಾಯಿತು. ತಜ್ಞರು ಅದನ್ನು ಹಿಡಿಯಬಹುದಿತ್ತು. ಹಿಡಿಯಿರಿ ಅಂತ ನಾನು ಕೇಳಿರಲಿಲ್ಲ.

ಈಗ ಮಡಿಕೇರಿಯಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನೆ ಕಲಿಸುತ್ತೇನೆ. ಪ್ರತಿ ವರ್ಷ ಇಂಥ ಪತ್ರಗಳು ನನಗೂ ಬರುತ್ತವೆ, ನನ್ನ ವಿದ್ಯಾರ್ಥಿಗಳಿಂದಲೂ ಹೋಗುತ್ತವೆ. ಈ ಲೇಖನದಲ್ಲಿ ಒಂದೇ ಒಂದು ಪತ್ರವನ್ನು ಹಿಡಿದು, ಅದು ಹೋದ ದಿನದಿಂದ ಉತ್ತರ ಬಂದು ಲೆಕ್ಕ ಮುಗಿದ ತನಕ ಹೇಳುತ್ತೇನೆ. ಸಿದ್ದಾಪುರದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ಕೆಲಸ ಅದು. ಕಾಡಾನೆ ಓಡಾಡುವ ಕಾಫಿ ತೋಟಗಳಲ್ಲಿ ಕೆಲಸ ಮಾಡುವವರಿಗೆ ಎಷ್ಟು ಭಯ ಇದೆ ಎಂದು ಅಳೆಯಲು ಅವಳು 18 ಹೇಳಿಕೆಗಳ ಪ್ರಶ್ನಾವಳಿ ಮಾಡಿದ್ದಳು.

ಪತ್ರಕ್ಕೂ ಮೊದಲು: ಏನು ಅಳೆಯುತ್ತೀರಿ, ಏನು ಅಳೆಯುವುದಿಲ್ಲ

ತಜ್ಞರಿಂದ ನಮಗೆ ಬೇಕಾಗಿರುವುದು ಒಂದು ಹೋಲಿಕೆ. ಒಂದು ಕೈಯಲ್ಲಿ ನಮ್ಮ ವಿಷಯದ ಅರ್ಥ, ಇನ್ನೊಂದು ಕೈಯಲ್ಲಿ ಪ್ರಶ್ನೆ. ಎರಡೂ ಹೊಂದುತ್ತವಾ ಅಂತ ಅವರು ನೋಡಬೇಕು. ಇದಕ್ಕೇ ಒಳವಸ್ತುವಿನ ಸಿಂಧುತ್ವ, ಅಂದರೆ ಕಂಟೆಂಟ್ ವ್ಯಾಲಿಡಿಟಿ ಅನ್ನುವುದು. ನಾವು ಪ್ರಶ್ನೆ ಮಾತ್ರ ಕಳಿಸಿ ಅರ್ಥವನ್ನು ನಮ್ಮ ಹತ್ತಿರವೇ ಇಟ್ಟುಕೊಂಡರೆ, ಅವರು ಹೋಲಿಸುವುದು ಯಾವುದಕ್ಕೆ? ತಮ್ಮ ತಲೆಯಲ್ಲಿರುವ ಅರ್ಥಕ್ಕೆ ಹೋಲಿಸುತ್ತಾರೆ. ಆರು ಜನ ಆರು ಅರ್ಥ ಇಟ್ಟುಕೊಂಡು ಕೊಟ್ಟ ಅಂಕವನ್ನು ಒಟ್ಟು ಮಾಡಿ ಪ್ರಯೋಜನ ಇಲ್ಲ.

ನನ್ನ ವಿದ್ಯಾರ್ಥಿನಿ ಮೊದಲು ಬರೆದದ್ದು 'ಆನೆ ಹಾವಳಿಯಿಂದ ಆಗುವ ಮಾನಸಿಕ ಪರಿಣಾಮ' ಅಂತ. ಅದರಲ್ಲಿ ಭಯವೂ ಸೇರುತ್ತದೆ, ಬೆಳೆ ಹೋದ ಬೇಸರವೂ ಸೇರುತ್ತದೆ, ಪರಿಹಾರದ ದುಡ್ಡು ಬರಲಿಲ್ಲ ಅನ್ನುವ ಸಿಟ್ಟೂ ಸೇರುತ್ತದೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳಲ್ಲಿ ಇರುವ ಕೂಲಿಯವರಿಗೆ ಬೆಳೆ ನಷ್ಟದ ಬೇಸರ ಇರುವುದಾದರೂ ಹೇಗೆ, ತೋಟ ಅವರದ್ದಲ್ಲವಲ್ಲ. ಎರಡು ವಾರ ಕೂತು ಅದನ್ನು ಹೀಗೆ ಇಳಿಸಿದೆವು:

'ಕಾಡಾನೆ ಓಡಾಡುವ ತೋಟದಲ್ಲಿ ಕೂಲಿ ಕೆಲಸ ಮಾಡುವವರಿಗೆ, ಆನೆ ಎದುರಾಗಬಹುದು ಎಂಬ ಕಾರಣಕ್ಕೆ, ಕಳೆದ ಒಂದು ತಿಂಗಳಲ್ಲಿ ಆದ ಭಯ. ಇದರಲ್ಲಿ ಮೂರು ಭಾಗ: ಕೆಲಸದ ಹೊತ್ತಿನ ಭಯ, ದಾರಿಯ ಭಯ, ರಾತ್ರಿ ಮನೆಯಲ್ಲಿನ ಭಯ. ಆನೆಯ ಮೇಲಿನ ಸಿಟ್ಟು, ಬೆಳೆ ನಷ್ಟ, ಪರಿಹಾರದ ಬಗ್ಗೆ ಅಸಮಾಧಾನ ಇವು ಇದರಲ್ಲಿ ಸೇರಿಲ್ಲ.'

ಕೊನೆಯ ಸಾಲು ನೋಡಿ. ಯಾವುದು ಸೇರಿಲ್ಲ ಎಂದು ಹೇಳುವ ಆ ಸಾಲು ಬರೆದ ತಕ್ಷಣ ನಾವೇ ನಾಲ್ಕು ಪ್ರಶ್ನೆ ತೆಗೆದುಹಾಕಿದೆವು, ಉಳಿದದ್ದು ಆ 18. ತಜ್ಞರ ಹೊತ್ತೂ ಉಳಿಯಿತು. ನಿಮ್ಮ ಪತ್ರದಲ್ಲಿ ಒಂದೇ ಒಂದು ಸಾಲು ಜಾಸ್ತಿ ಸೇರಿಸಲು ಜಾಗ ಇದೆ ಅಂದರೆ, ಈ ಸಾಲನ್ನು ಸೇರಿಸಿ.

ಯಾರಿಗೆ, ಎಷ್ಟು ಜನಕ್ಕೆ

ಸಂಖ್ಯೆಗೆ ಒಂದು ಗಟ್ಟಿ ಕಾರಣ ಇದೆ. ನರ್ಸಿಂಗ್ ಸಂಶೋಧಕಿ ಮೇರಿ ಲಿನ್ 1986ರಲ್ಲಿ ಕೊಟ್ಟ ಲೆಕ್ಕವನ್ನು ಈಗಲೂ ಬಹಳ ಜನ ಬಳಸುತ್ತಾರೆ. ಕಡಿಮೆ ಅಂದರೂ ಮೂರು ಜನ ಬೇಕು, ಹತ್ತಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಬೇಕಿಲ್ಲ. ತಜ್ಞರು ಐದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಒಂದು ಪ್ರಶ್ನೆ ಉಳಿಯಬೇಕು ಅಂದರೆ ಎಲ್ಲರೂ ಒಪ್ಪಬೇಕು. ಆರು ಅಥವಾ ಹೆಚ್ಚು ಜನ ಇದ್ದರೆ ಒಪ್ಪಿದವರ ಪಾಲು 0.78ಕ್ಕಿಂತ ಕಡಿಮೆ ಇರಬಾರದು. ಸ್ವಲ್ಪ ಜನ ಇದ್ದಾಗ ಅಕಸ್ಮಾತ್ ಒಪ್ಪಿಗೆ ಬಂದುಬಿಡುವುದು ಸುಲಭ, ಅದಕ್ಕೇ ಅಷ್ಟು ಬಿಗಿ.

ಐದು ಜನ ಇದ್ದರೆ ಒಬ್ಬರು ಬೇಡ ಅಂದರೂ ಆ ಪ್ರಶ್ನೆ ಹೋಯಿತು. ಆರು ಜನ ಇದ್ದರೆ ಒಬ್ಬರು ಬೇಡ ಅಂದರೂ 0.83 ಬರುತ್ತದೆ, ಉಳಿಯುತ್ತದೆ. ಆದ್ದರಿಂದ ಕೈಗೆ ಆರು ಉತ್ತರ ಸಿಗಬೇಕು. ಆರು ಸಿಗಬೇಕಾದರೆ ಎಂಟು ಜನಕ್ಕಾದರೂ ಪತ್ರ ಹೋಗಬೇಕು. ನಾವು ಎಂಟು ಕಳಿಸಿದೆವು, ಆರು ಬಂದವು.

ಯಾರನ್ನು ಆರಿಸುವುದು ಅನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಪಿಎಚ್‌ಡಿ ಇರುವವರನ್ನು ಮಾತ್ರ ಸೇರಿಸಿದರೆ ಪ್ರಶ್ನಾವಳಿ ಓದಲು ಚೆನ್ನಾಗಿರುತ್ತದೆ, ತೋಟದಲ್ಲಿ ಕೆಲಸಕ್ಕೆ ಬರುವುದಿಲ್ಲ. ಉತ್ತರ ಕೊಟ್ಟ ಆರು ಜನ ಇವರು: ಒಬ್ಬರು ಮನೋವೈದ್ಯರು, ಒಬ್ಬರು ಅಳತೆಯ ಶಾಸ್ತ್ರ ಬಲ್ಲ ಮನಃಶಾಸ್ತ್ರದ ಅಧ್ಯಾಪಕರು, ಒಬ್ಬರು ಸಮುದಾಯ ಆರೋಗ್ಯದ ನರ್ಸಿಂಗ್ ಅಧ್ಯಾಪಕಿ, ಒಬ್ಬರು ವನ್ಯಜೀವಿಗಳ ಬಗ್ಗೆ ಕೆಲಸ ಮಾಡಿದ ಅರಣ್ಯಶಾಸ್ತ್ರದ ಅಧ್ಯಾಪಕರು, ಒಬ್ಬರು ಆನೆ ಓಡಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದ ಅರಣ್ಯ ಇಲಾಖೆಯ ಸಿಬ್ಬಂದಿ, ಇನ್ನೊಬ್ಬರು ಒಂದು ದೊಡ್ಡ ತೋಟದ ರೈಟರ್. ರೈಟರ್ ಅವರನ್ನು ಸೇರಿಸುವ ಬಗ್ಗೆ ನಮ್ಮಲ್ಲೇ ಚರ್ಚೆ ಆಯಿತು. ಯಾವ ಕೂಲಿ ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ದಿನಾ ಬರೆದಿಡುವ ಮನುಷ್ಯ ಅವರು. ಅವರಿಗಿಂತ ಚೆನ್ನಾಗಿ ಈ ವಿಷಯ ಗೊತ್ತಿರುವವರು ಯಾರು? ಅವರು ಇರಬೇಕಾದದ್ದು ಎಷ್ಟು ಸರಿ ಅಂತ ಮುಂದೆ ನೋಡುತ್ತೀರಿ.

ಪತ್ರ ಕಳಿಸುವ ಹೊತ್ತು

ಮೊದಲು ಫೋನ್ ಮಾಡಿ. ಎರಡು ನಿಮಿಷ ಮಾತಾಡಿ, ಒಪ್ಪಿದರೆ ಮಾತ್ರ ಪತ್ರ ಕಳಿಸಿ. ಸುಮ್ನೆ ಕಳಿಸಿದ ಈಮೇಲ್ ಕೆಳಗೆ ಹೋಗಿಬಿಡುತ್ತದೆ. ಕೊಡಗಿನಲ್ಲಿ ಇನ್ನೊಂದು ವಿಷಯ ನೆನಪಿಡಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರನ್ನು ಏನೂ ಕೇಳಬೇಡಿ, ಅವರಿಗೆ ಊಟಕ್ಕೂ ಹೊತ್ತಿರುವುದಿಲ್ಲ. ಜೋರು ಮಳೆಯ ಜುಲೈ, ಆಗಸ್ಟ್‌ನಲ್ಲಿ ಕರೆಂಟೂ ನೆಟ್‌ವರ್ಕೂ ಹೋಗಿ ದಿನಗಟ್ಟಲೆ ಬರುವುದಿಲ್ಲ. ಆಗ ಆನ್‌ಲೈನ್ ಫಾರಂ ನೆಚ್ಚಿಕೊಂಡರೆ ಕಷ್ಟ, ಹಾಳೆಯ ಪ್ರತಿ ಕೈಗೆ ಕೊಟ್ಟು ಬನ್ನಿ. ಸರ್ಕಾರಿ ನೌಕರರಾದರೆ ಅವರ ಮೇಲಧಿಕಾರಿಗೂ ನಿಮ್ಮ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪ್ರತಿ ಹೋಗಲಿ. ಅನುಮತಿಗೆ ಅವರೇ ಓಡಾಡುವ ಹಾಗೆ ಮಾಡಬೇಡಿ.

ಎಂಟು ಜನರಿಗೂ ಬೇರೆ ಬೇರೆ ಈಮೇಲ್ ಕಳಿಸಬೇಕು. ಎಲ್ಲರ ವಿಳಾಸ ಒಂದೇ ಸಾಲಿನಲ್ಲಿ ಹಾಕಿದರೆ, ಹಿರಿಯರೊಬ್ಬರು ಎಲ್ಲರಿಗೂ ಕಾಣುವ ಹಾಗೆ ಉತ್ತರ ಕೊಟ್ಟಾಗ ಉಳಿದವರು ಅದನ್ನೇ ಅನುಸರಿಸುತ್ತಾರೆ. ಆಮೇಲೆ ನಿಮ್ಮ ಹತ್ತಿರ ಆರು ಅಭಿಪ್ರಾಯ ಇರುವುದಿಲ್ಲ, ಒಂದೇ ಅಭಿಪ್ರಾಯದ ಆರು ಪ್ರತಿ ಇರುತ್ತದೆ.

ಪತ್ರ

ತೋಟದ ರೈಟರ್ ಅವರಿಗೆ ಹೋದ ಪತ್ರ ಇದು. ಹೆಸರು, ದಿನಾಂಕ ತೆಗೆದಿದ್ದೇನೆ.

> ಇಂದ: (ಹೆಸರು, ತರಗತಿ, ಕಾಲೇಜು, ಫೋನ್)
> ಗೆ: (ಹೆಸರು, ತೋಟ)
> ದಿನಾಂಕ:
>
> ಮಾನ್ಯರೇ,
>
> ವಿಷಯ: ತೋಟದ ಕೆಲಸಗಾರರ ಆನೆ ಭಯದ ಪ್ರಶ್ನಾವಳಿಗೆ ಅಂಕ ಕೊಡುವ ಕುರಿತು
>
> ನಿನ್ನೆ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ತೋಟದಲ್ಲಿ ಕೂಲಿ ಕೆಲಸ ಮಾಡುವವರಿಗೆ ಆನೆಯ ಭಯ ಎಷ್ಟಿದೆ ಎಂದು ತಿಳಿಯಲು 18 ಹೇಳಿಕೆಗಳ ಪ್ರಶ್ನಾವಳಿ ಮಾಡಿದ್ದೇನೆ. ಅದನ್ನು ಕೆಲಸಗಾರರ ಹತ್ತಿರ ಒಯ್ಯುವ ಮೊದಲು, ವಿಷಯ ಗೊತ್ತಿರುವವರು ಒಂದೊಂದು ಹೇಳಿಕೆಯನ್ನೂ ನೋಡಿ ಅಂಕ ಕೊಡಬೇಕಾಗಿದೆ.
>
> ನಿಮ್ಮನ್ನೇ ಕೇಳಲು ಕಾರಣ: ಕೆಲಸಗಾರರ ಹಾಜರಿ, ಗೈರುಹಾಜರಿ, ಆನೆ ಬಂದ ದಿನದ ಅವರ ನಡವಳಿಕೆ ನಿಮಗೆ ಹತ್ತಿರದಿಂದ ಗೊತ್ತು. ಉಳಿದ ತಜ್ಞರಲ್ಲಿ ಬಹಳ ಜನಕ್ಕೆ ಅದು ಗೊತ್ತಿಲ್ಲ. ಆ ಕಣ್ಣಿನಿಂದ ನೋಡಿ.
>
> ಈ ಪ್ರಶ್ನಾವಳಿ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಎರಡನೇ ಹಾಳೆಯಲ್ಲಿದೆ. ಮೊದಲು ಅದನ್ನು ಓದಿ. ಆಮೇಲೆ ಮೂರನೇ ಹಾಳೆಯಲ್ಲಿ ಪ್ರತಿ ಹೇಳಿಕೆಗೂ 1ರಿಂದ 4ರ ಒಳಗೆ ಒಂದು ಅಂಕಕ್ಕೆ ಸುತ್ತು ಹಾಕಿ. 1 ಅಥವಾ 2 ಕೊಟ್ಟರೆ ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಭಾಷೆ ತೊಡಕಾಗಿದ್ದರೆ ಅದಕ್ಕೆ ಬೇರೆ ಕಾಲಂ ಇದೆ.
>
> ಕೊನೆಯಲ್ಲಿ ಎರಡು ಪ್ರಶ್ನೆ ಇದೆ. ಈ 18ರಲ್ಲಿ ತೀರಾ ದುರ್ಬಲವಾದ ಎರಡು ಯಾವುವು? ಇಲ್ಲಿ ಇರಬೇಕಾಗಿದ್ದು ಯಾವುದು ಬಿಟ್ಟುಹೋಗಿದೆ?
>
> ಪ್ರಶ್ನಾವಳಿ ಚೆನ್ನಾಗಿದೆ ಎಂಬ ಸರ್ಟಿಫಿಕೇಟ್ ನನಗೆ ಬೇಡ. ಕಡಿಮೆ ಅಂಕ ಕೊಟ್ಟರೆ ನನಗೆ ಬೇಜಾರಿಲ್ಲ, ಅದರಿಂದಲೇ ಪ್ರಶ್ನಾವಳಿ ಸರಿಹೋಗುವುದು.
>
> ಸುಮಾರು 40 ನಿಮಿಷ ಬೇಕಾಗಬಹುದು. ಈ ತಿಂಗಳ __ರ ಒಳಗೆ ತುಂಬಿಟ್ಟರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ತಿದ್ದಿದ ಮೇಲೆ ಬದಲಾದ ಹೇಳಿಕೆಗಳನ್ನು ಮಾತ್ರ ಇನ್ನೊಂದು ಸಲ ತೋರಿಸಬೇಕಾಗಬಹುದು, ಅದಕ್ಕೆ ಹತ್ತು ನಿಮಿಷ ಸಾಕು.
>
> ನಿಮ್ಮ ಅಂಕವನ್ನು ಬೇರೆ ತಜ್ಞರಿಗೆ ತೋರಿಸುವುದಿಲ್ಲ. ಪ್ರಬಂಧದಲ್ಲಿ ನಿಮ್ಮ ಕೆಲಸ ಮತ್ತು ಅನುಭವದ ವರ್ಷ ಮಾತ್ರ ಬರೆಯುತ್ತೇನೆ. ಹೆಸರು ಹಾಕಬಹುದು ಅಂತ ನೀವು ಹೇಳಿದರೆ ಮಾತ್ರ ಹಾಕುತ್ತೇನೆ. ಹೊತ್ತು ಸಿಗುವುದಿಲ್ಲ ಅನ್ನಿಸಿದರೆ ಒಂದು ಫೋನ್ ಮಾಡಿ ಹೇಳಿ, ಸಂಕೋಚ ಬೇಡ.
>
> ಇಂತಿ,
> (ಸಹಿ)
>
> ಜೊತೆಗೆ: 1. ಅರ್ಥ ವಿವರಿಸುವ ಹಾಳೆ, 2. ಅಂಕದ ಹಾಳೆ

ಇಷ್ಟೇ. ಒಂದು ಪುಟದ ಪತ್ರ, ಎರಡು ಹಾಳೆ. ಸಂಶೋಧನೆಯ ಸಾರಾಂಶ, ಹಿಂದಿನ ಅಧ್ಯಯನಗಳ ಅಧ್ಯಾಯ ಇವನ್ನೆಲ್ಲ ಸೇರಿಸಿ ಅರವತ್ತು ಪುಟದ ಪಿಡಿಎಫ್ ಕಳಿಸುವವರಿದ್ದಾರೆ. ಅಷ್ಟು ದಪ್ಪ ಕಂಡರೆ ಯಾರೂ ಬಿಚ್ಚುವುದಿಲ್ಲ. 40 ನಿಮಿಷ ಅನ್ನುವುದನ್ನೂ ಊಹೆಯಿಂದ ಬರೆಯಲಿಲ್ಲ. ಸಹಪಾಠಿಯೊಬ್ಬರ ಕೈಯಲ್ಲಿ ಹಾಳೆ ಕೊಟ್ಟು ಗಡಿಯಾರ ನೋಡಿದೆವು, 35 ನಿಮಿಷ ಆಯಿತು.

'ನಿಮ್ಮನ್ನೇ ಕೇಳಲು ಕಾರಣ' ಅನ್ನುವ ಭಾಗ ಪ್ರತಿ ಪತ್ರದಲ್ಲೂ ಬೇರೆ ಇರಬೇಕು. ಮನೋವೈದ್ಯರಿಗೆ 'ಭಯಕ್ಕೂ ಚಿಂತೆಯ ಕಾಯಿಲೆಗೂ ಇರುವ ಗಡಿ ನಿಮಗೆ ಗೊತ್ತು' ಎಂದು ಬರೆದೆವು. ಅರಣ್ಯ ಸಿಬ್ಬಂದಿಗೆ 'ಆನೆ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಎದುರಾಗುತ್ತದೆ ಅಂತ ನಿಮಗೆ ಗೊತ್ತು' ಎಂದು ಬರೆದೆವು. ಹೀಗೆ ಬರೆಯದಿದ್ದರೆ ಎಲ್ಲರೂ ಒಂದೇ ಕೆಲಸಕ್ಕೆ ಇಳಿಯುತ್ತಾರೆ, ಅದು ಕಾಗುಣಿತ ತಿದ್ದುವ ಕೆಲಸ. ನಮ್ಮ ಕಡೆ ಇದು ಬಹಳ ಸಾಮಾನ್ಯ. ಒತ್ತಕ್ಷರ ಸರಿಮಾಡಿ, ಅಲ್ಪವಿರಾಮ ಹಾಕಿ, ಕೆಳಗೆ ಸಹಿ ಮಾಡಿ ಕಳಿಸುತ್ತಾರೆ. ಅವರ ತಪ್ಪಲ್ಲ, ಬೇರೆ ಏನು ನೋಡಬೇಕು ಅಂತ ನಾವು ಹೇಳಿರುವುದಿಲ್ಲ.

ಅಂಕದ ಹಾಳೆ

ಅಂಕಗಳಿಗೆ ನಾವು ಕೊಟ್ಟ ಅರ್ಥ ಇದು:

1 – ಈ ಭಯಕ್ಕೆ ಸಂಬಂಧವೇ ಇಲ್ಲ
2 – ಸ್ವಲ್ಪ ಸಂಬಂಧ ಇದೆ
3 – ಸಾಕಷ್ಟು ಸಂಬಂಧ ಇದೆ
4 – ತುಂಬಾ ಸಂಬಂಧ ಇದೆ

ನಾಲ್ಕೇ ಯಾಕೆ ಅಂದರೆ, ಮೂರು ಅಥವಾ ಐದು ಅಂಕ ಇದ್ದರೆ ನಡುವೆ ಒಂದು ಆರಾಮದ ಜಾಗ ಸಿಗುತ್ತದೆ. ಯಾರನ್ನೂ ನೋಯಿಸಲು ಇಷ್ಟಪಡದ ತಜ್ಞರು ಅಲ್ಲಿ ಹೋಗಿ ಕೂರುತ್ತಾರೆ. ನಾಲ್ಕು ಇದ್ದರೆ ಈ ಕಡೆ ಅಥವಾ ಆ ಕಡೆ ಅಂತ ತೀರ್ಮಾನ ಮಾಡಲೇಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ಕೆಲವು ಹಾಳೆಗಳಲ್ಲಿ '3 – ಸಂಬಂಧ ಇದೆ, ಆದರೆ ಸ್ವಲ್ಪ ತಿದ್ದಬೇಕು' ಅಂತ ಇರುತ್ತದೆ. ಸಂಬಂಧ ಬೇರೆ, ತಿದ್ದುವುದು ಬೇರೆ. ಒಂದು ಹೇಳಿಕೆ ವಿಷಯಕ್ಕೆ ಪೂರ್ತಿ ಹೊಂದಿಕೊಂಡು ಭಾಷೆ ಮಾತ್ರ ಕೆಟ್ಟಿರಬಹುದು. ಭಾಷೆ ಚೆನ್ನಾಗಿದ್ದು ವಿಷಯಕ್ಕೇ ಸೇರದೆಯೂ ಇರಬಹುದು. ಎರಡನ್ನೂ ಒಂದೇ ಅಂಕದಲ್ಲಿ ತುರುಕಿದರೆ, ಆಮೇಲೆ ಆ 3 ಏನು ಹೇಳುತ್ತಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಅದಕ್ಕೇ ಭಾಷೆಗೆ ಬೇರೆ ಕಾಲಂ ಇಟ್ಟು, 'ಸ್ಪಷ್ಟ ಇದೆ / ತಿದ್ದಬೇಕು' ಎಂದು ಎರಡೇ ಆಯ್ಕೆ ಕೊಟ್ಟೆವು.

ಕೆಲಸಗಾರರಿಗೆ ಈ ಮಾತು ಅರ್ಥ ಆಗುತ್ತದೆಯೇ ಅಂತ ತಜ್ಞರನ್ನು ಕೇಳಲಿಲ್ಲ. ನಮ್ಮ ಲೈನ್‌ಗಳಲ್ಲಿ ಮನೆಮಾತು ಎರವ ಇರುವವರಿದ್ದಾರೆ, ತಮಿಳು, ಮಲಯಾಳ ಇರುವವರಿದ್ದಾರೆ. ಅರ್ಥ ಆಗುತ್ತದೋ ಇಲ್ಲವೋ ಅಂತ ಹೇಳಬೇಕಾದವರು ಅವರೇ. ಆ ಕೆಲಸ ಆಮೇಲೆ, ಒಂದೊಂದು ಹೇಳಿಕೆ ಓದಿ ಹೇಳಿ 'ಇದು ಕೇಳಿ ನಿಮಗೆ ಏನು ಅನ್ನಿಸಿತು' ಅಂತ ಕೂತು ಮಾತಾಡುವಾಗ ಆಗುತ್ತದೆ.

ಉತ್ತರ ಬಂದ ಮೇಲೆ

ಎಂಟನೇ ದಿನ ಎಲ್ಲರಿಗೂ ಒಂದು ಸಣ್ಣ ನೆನಪಿನ ಸಂದೇಶ ಹೋಯಿತು. ಎರಡು ವಾರಕ್ಕೆ ಐದು ಹಾಳೆ ಬಂದವು, ಆರನೆಯದು ಮೂರನೇ ವಾರ.

ಲೆಕ್ಕ ಸುಲಭ. ಒಂದು ಹೇಳಿಕೆಗೆ 3 ಅಥವಾ 4 ಕೊಟ್ಟವರು ಎಷ್ಟು ಜನ ಅಂತ ಎಣಿಸಿ, ಅಂಕ ಕೊಟ್ಟ ಒಟ್ಟು ಜನರಿಂದ ಭಾಗಿಸಿ. ಇದೇ ಆ ಹೇಳಿಕೆಯ ಸಿಂಧುತ್ವ ಸೂಚ್ಯಂಕ, ಐ-ಸಿವಿಐ ಅನ್ನುತ್ತಾರೆ. ಆರರಲ್ಲಿ ಆರು ಒಪ್ಪಿದರೆ 1.00, ಐದು ಒಪ್ಪಿದರೆ 0.83, ನಾಲ್ಕು ಒಪ್ಪಿದರೆ 0.67. ಯಾರಾದರೂ ಒಂದು ಹೇಳಿಕೆಗೆ ಅಂಕ ಹಾಕಲು ಮರೆತಿದ್ದರೆ ಫೋನ್ ಮಾಡಿ ಕೇಳಿ. ಸಿಗದಿದ್ದರೆ ಆ ಹೇಳಿಕೆಯನ್ನು ಐದು ಜನರ ಲೆಕ್ಕದಲ್ಲೇ ನೋಡಿ. ನೀವಾಗಿ ತುಂಬಬಾರದು.

ನಮ್ಮ 18ರಲ್ಲಿ 12 ಹೇಳಿಕೆಗಳಿಗೆ 1.00 ಬಂತು. ಐದಕ್ಕೆ 0.83. ಒಂದಕ್ಕೆ 0.67. ಎಲ್ಲದರ ಸರಾಸರಿ ತೆಗೆದರೆ 0.94. ಇಡೀ ಪ್ರಶ್ನಾವಳಿಗೆ ಈ ಸರಾಸರಿ 0.90 ಅಥವಾ ಅದಕ್ಕಿಂತ ಹೆಚ್ಚು ಇರಬೇಕು ಅಂತ ನರ್ಸಿಂಗ್ ಸಂಶೋಧಕಿಯರಾದ ಪೋಲಿಟ್ ಮತ್ತು ಬೆಕ್ 2006ರಲ್ಲಿ ಸೂಚಿಸಿದ್ದರು. ಅದು ದಾಟಿತ್ತು. ಬಹಳ ಪ್ರಬಂಧಗಳಲ್ಲಿ ಈ ಸರಾಸರಿ ಒಂದನ್ನೇ ಬರೆದು ಮುಗಿಸುತ್ತಾರೆ. ಹಾಗೆ ಮಾಡಿದ್ದರೆ ಐದನೇ ಹೇಳಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಐದನೇ ಹೇಳಿಕೆ ಇದು: 'ತೋಟದಲ್ಲಿ ಆನೆ ಇದೆ ಅಂತ ಗೊತ್ತಾದ ದಿನ ನಾನು ಕೆಲಸಕ್ಕೆ ಹೋಗುವುದಿಲ್ಲ.' ಬರೆದಾಗ ನನಗೂ ಬಹಳ ಒಳ್ಳೆಯ ಹೇಳಿಕೆ ಅನ್ನಿಸಿತ್ತು. ಭಯ ಜಾಸ್ತಿ ಇದ್ದವರು ಕೆಲಸಕ್ಕೆ ಹೋಗುವುದಿಲ್ಲ, ಅಲ್ವಾ? ಮೂವರು ಅಧ್ಯಾಪಕರು, ಮನೋವೈದ್ಯರು, ಈ ನಾಲ್ಕೂ ಜನ 4 ಕೊಟ್ಟಿದ್ದರು. ಅರಣ್ಯ ಸಿಬ್ಬಂದಿ 2 ಕೊಟ್ಟಿದ್ದರು. ರೈಟರ್ ಕೂಡ 2 ಕೊಟ್ಟು, ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಬರೆದಿದ್ದರು:

'ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ತುಂಬಾ ಹೆದರುವವರೂ ಬರುತ್ತಾರೆ. ಮಗ ಕೆಲಸದಲ್ಲಿದ್ದು ದುಡ್ಡು ಕಳಿಸುವವರು ಮಾತ್ರ ಬರುವುದಿಲ್ಲ.'

ಈ ಮೂರು ಸಾಲನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಓದಿ ಹೇಳುತ್ತೇನೆ. ಆ ಹೇಳಿಕೆ ಅಳೆಯುತ್ತಿದ್ದದ್ದು ಮನೆಯ ಹಣದ ಸ್ಥಿತಿಯನ್ನು, ಭಯವನ್ನಲ್ಲ. ಹಾಗೇ ಬಿಟ್ಟಿದ್ದರೆ, ಕಡು ಬಡವರ ಭಯ ಕಡಿಮೆ ಅಂತ ನಮ್ಮ ಅಂಕ ತೋರಿಸುತ್ತಿತ್ತು. ಇದು ನಾಲ್ಕು ಜನ ಓದಿಕೊಂಡವರ ಕಣ್ಣಿಗೆ ಬೀಳಲಿಲ್ಲ. ಸಂಖ್ಯೆ 0.67 ಬಂದಿದ್ದರಿಂದ ಇಲ್ಲಿ ಏನೋ ಇದೆ ಅಂತ ಗೊತ್ತಾಯಿತು, ಆದರೆ ಏನು ಅಂತ ಹೇಳಿದ್ದು ಆ ಬರಹ. '1 ಅಥವಾ 2 ಕೊಟ್ಟರೆ ಯಾಕೆ ಅಂತ ಬರೆಯಿರಿ' ಅನ್ನುವ ಸಾಲು ಪತ್ರದಲ್ಲಿ ಇಲ್ಲದಿದ್ದರೆ, ನಾವು ಆ ಹೇಳಿಕೆಯನ್ನು ಕಾರಣ ಗೊತ್ತಿಲ್ಲದೆ ಸುಮ್ನೆ ತೆಗೆದುಹಾಕುತ್ತಿದ್ದೆವು.

ತೆಗೆಯಲಿಲ್ಲ, ಬದಲಿಸಿದೆವು: 'ತೋಟದಲ್ಲಿ ಆನೆ ಇದೆ ಅಂತ ಗೊತ್ತಾದ ದಿನ ಕೆಲಸದ ಮೇಲೆ ಗಮನ ನಿಲ್ಲುವುದಿಲ್ಲ, ಆಗಾಗ ಸುತ್ತ ನೋಡುತ್ತಿರುತ್ತೇನೆ.' ಮೊದಲ ಹೇಳಿಕೆ ಕೂಲಿಯವರ ಕೈಯಲ್ಲಿಲ್ಲದ ಒಂದು ತೀರ್ಮಾನವನ್ನು ಕೇಳುತ್ತಿತ್ತು. ಇದು ಕೆಲಸಕ್ಕೆ ಬಂದ ಮೇಲೂ ಒಳಗೆ ನಡೆಯುವುದನ್ನು ಕೇಳುತ್ತದೆ. ನಿಜ ಹೇಳಬೇಕೆಂದರೆ ಇದರಲ್ಲಿ ಎರಡು ಮಾತು ಸೇರಿಕೊಂಡಿತ್ತು, ಗಮನ ಒಂದು, ಸುತ್ತ ನೋಡುವುದು ಇನ್ನೊಂದು. ಎರಡನೇ ಸುತ್ತಿನಲ್ಲಿ ಮನಃಶಾಸ್ತ್ರದ ಅಧ್ಯಾಪಕರು ಅದನ್ನು ಹಿಡಿದರು. ಗಮನದ ಮಾತು ತೆಗೆದು 'ಕೆಲಸದ ನಡುವೆ ಆಗಾಗ ಸುತ್ತ ನೋಡುತ್ತಿರುತ್ತೇನೆ' ಅಂತ ಉಳಿಸಿ ಮತ್ತೆ ಕೇಳಿದಾಗ ಆರೂ ಜನ 3 ಅಥವಾ 4 ಕೊಟ್ಟರು.

ಅರಣ್ಯ ಸಿಬ್ಬಂದಿಯ ಹಾಳೆಯಲ್ಲಿ ಇನ್ನೊಂದು ಮಾತಿತ್ತು. ಅದು ಯಾವ ಹೇಳಿಕೆಯ ಪಕ್ಕದಲ್ಲೂ ಇರಲಿಲ್ಲ, ಕೊನೆಯ 'ಏನು ಬಿಟ್ಟುಹೋಗಿದೆ' ಅನ್ನುವ ಜಾಗದಲ್ಲಿತ್ತು. 'ಕಳೆದ ಒಂದು ತಿಂಗಳು ಅಂತ ಕೇಳುತ್ತೀರಿ. ಯಾವ ತಿಂಗಳು? ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಲೈನ್ ಹತ್ತಿರಕ್ಕೇ ಬರುತ್ತದೆ.' ಹೇಳಿಕೆಗಳು ಸರಿ ಇದ್ದವು. ಕೇಳುವ ಕಾಲ ಸರಿ ಇಲ್ಲದಿದ್ದರೆ ಒಂದೇ ಮನುಷ್ಯನಿಗೆ ಎರಡು ಉತ್ತರ ಬರುತ್ತದೆ. ಇದಕ್ಕೆ ಅಂಕದ ಯಾವ ಕಾಲಂನಲ್ಲೂ ಜಾಗ ಇರಲಿಲ್ಲ. ಹಾಗಾಗಿ ಆ ಖಾಲಿ ಜಾಗವನ್ನು ಯಾವತ್ತೂ ಬಿಡಬೇಡಿ. ನಾವು ಎಲ್ಲ ಲೈನ್‌ಗಳಿಗೂ ಒಂದೇ ತಿಂಗಳಲ್ಲಿ ಹೋಗುವುದು ಅಂತ ತೀರ್ಮಾನಿಸಿದೆವು. ಆ ತಿಂಗಳ ಹೆಸರನ್ನು ಪ್ರಬಂಧದಲ್ಲೂ ಬರೆದೆವು.

ಎಲ್ಲಕ್ಕೂ 4 ಬಂದರೆ

ಒಂದು ಹಾಳೆಯಲ್ಲಿ ಹದಿನೆಂಟಕ್ಕೆ ಹದಿನೆಂಟೂ 4 ಇತ್ತು. ಮೇಲಿಂದ ಕೆಳಗೆ ಒಂದೇ ಗೆರೆ ಎಳೆದ ಹಾಗೆ ಸುತ್ತುಗಳು. ನಿಜವಾಗಿ ಒಪ್ಪಿದ್ದಾರೋ ನೋಡದೆ ಹಾಕಿದ್ದಾರೋ ಅಂತ ಅಂಕದಿಂದ ಗೊತ್ತಾಗುವುದಿಲ್ಲ. 'ತೀರಾ ದುರ್ಬಲವಾದ ಎರಡು' ಅನ್ನುವ ಪ್ರಶ್ನೆ ಇದ್ದದ್ದು ಇದಕ್ಕೇ. ಆ ತಜ್ಞರು ಎರಡು ಹೇಳಿಕೆಗಳ ಸಂಖ್ಯೆ ಬರೆದು ಕಾರಣವನ್ನೂ ಕೊಟ್ಟಿದ್ದರು. ಅಂದರೆ ಓದಿದ್ದರು. ಆ ಜಾಗವೂ ಖಾಲಿ ಇದ್ದಿದ್ದರೆ ಫೋನ್ ಮಾಡಿ ಎರಡು ಹೇಳಿಕೆಯ ಬಗ್ಗೆ ಮಾತಾಡಿಸಬೇಕಿತ್ತು. ಆದರೆ ಅಂಕ ಇಷ್ಟ ಆಗಲಿಲ್ಲ ಅಂತ ಅವರ ಹಾಳೆಯನ್ನು ಲೆಕ್ಕದಿಂದ ಬಿಡುವಂತಿಲ್ಲ. ಬಂದ ಎಲ್ಲ ಹಾಳೆಯೂ ಲೆಕ್ಕಕ್ಕೆ ಸೇರಬೇಕು. ಎಷ್ಟು ಜನಕ್ಕೆ ಕಳಿಸಿದಿರಿ, ಎಷ್ಟು ಬಂತು ಅನ್ನುವುದನ್ನೂ ಬರೆಯಬೇಕು.

ಇದರಾಚೆಗೆ ಒಂದು ಮಿತಿ ಇದೆ. ತಜ್ಞರ ಒಪ್ಪಿಗೆ ಹೇಳುವುದು ಹೇಳಿಕೆಗಳು ವಿಷಯಕ್ಕೆ ಹೊಂದುತ್ತವೆ ಅಂತ ಮಾತ್ರ. ಪ್ರಶ್ನಾವಳಿ ಸರಿಯಾಗಿ ಅಳೆಯುತ್ತದೆ, ಇವತ್ತೂ ನಾಳೆಯೂ ಒಂದೇ ಉತ್ತರ ಕೊಡುತ್ತದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಕೆಲಸಗಾರರಿಂದ ಬಂದ ಉತ್ತರಗಳೇ ಬೇಕು. ಹಾಗಾಗಿ ಪ್ರಬಂಧದಲ್ಲಿ '0.94 ಬಂದಿದ್ದರಿಂದ ಸಾಧನ ವಿಶ್ವಾಸಾರ್ಹ' ಅಂತ ಬರೆಯಬೇಡಿ. ವಿಶ್ವಾಸಾರ್ಹತೆ ಬೇರೆ ಪರೀಕ್ಷೆ.

ಎರಡನೇ ಪತ್ರ

ಕೆಲಸ ಮುಗಿದ ಮೇಲೆ ಎಲ್ಲರಿಗೂ ಇನ್ನೊಂದು ಸಣ್ಣ ಪತ್ರ ಹೋಯಿತು. ಬರೀ ಧನ್ಯವಾದ ಅಲ್ಲ, ಅವರು ಹೇಳಿದ ಯಾವ ಮಾತಿನಿಂದ ಏನು ಬದಲಾಯಿತು ಅಂತ ಒಂದೊಂದು ಸಾಲು. ಒಪ್ಪದೆ ಬಿಟ್ಟ ಸಲಹೆ ಇದ್ದರೆ ಅದನ್ನೂ, ಕಾರಣದ ಜೊತೆ ಬರೆದೆವು. ರೈಟರ್ ಅವರಿಗೆ ಹಳೆಯ ಐದನೇ ಹೇಳಿಕೆ, ಹೊಸದು ಎರಡನ್ನೂ ಒಂದರ ಕೆಳಗೆ ಒಂದು ಟೈಪ್ ಮಾಡಿ ನನ್ನ ವಿದ್ಯಾರ್ಥಿನಿ ಕೈಯಾರೆ ಕೊಟ್ಟು ಬಂದಳು. ಅವರು ನಿಂತಲ್ಲೇ ಎರಡು ಸಲ ಓದಿದರಂತೆ. ಆಮೇಲೆ ಕೇಳಿದರಂತೆ, 'ಲೈನ್‌ಗೆ ಯಾವಾಗ ಬರ್ತೀಯಮ್ಮ? ಬೆಳಿಗ್ಗೆ ಬರಬೇಡ, ಸಂಜೆಯೂ ಬೇಡ. ಭಾನುವಾರ ಸಂತೆಗೆ ಹೋಗುವ ಮೊದಲು ಬಾ, ಆಗ ಎಲ್ಲರೂ ಮನೆಯಲ್ಲಿ ಇರುತ್ತಾರೆ.'